ಕೆರೆ ಪ್ರೆಸೆಂಟೇಶನ್ ನೋಡಿದೆ: ಮಂಗಳವಾರದ ಸಭೆಗೆ ಮುಂಚೆ ಇಷ್ಟು ಸರಿಮಾಡೋಣ

ತಂಗಿ,

ಫೈಲು ನಿನ್ನೆ ರಾತ್ರಿ ಬಂತು. ಆಗ ಒಂದು ಸಲ ಸುಮ್ನೆ ತಿರುವಿ ನೋಡಿದೆ. ಬೆಳಿಗ್ಗೆ ಗಡಿಯಾರ ಎದುರಿಗೆ ಇಟ್ಟುಕೊಂಡು ಟಿಪ್ಪಣಿಗಳನ್ನೆಲ್ಲ ಜೋರಾಗಿ ಓದಿದೆ. 34 ಸ್ಲೈಡ್, 41 ನಿಮಿಷ. ಜಿಲ್ಲಾ ಪಂಚಾಯತ್ ಸಭೆಯಲ್ಲಿ ನಮಗೆ ಕೊಟ್ಟಿರುವುದು 15 ನಿಮಿಷ, ಅದರಲ್ಲಿ ಕೊನೆಯ 5 ನಿಮಿಷ ಅವರ ಪ್ರಶ್ನೆಗೆ ಬೇಕು. ಅಂದರೆ ನಿನ್ನ ಕೈಯಲ್ಲಿರುವುದು ಹತ್ತೇ ನಿಮಿಷ.

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಚೆನ್ನಾಗಿ ಮಾಡಿದ್ದೀಯ. 24 ಬೋರ್‌ವೆಲ್ ಹತ್ತಿರ ಹೋಗಿ ನೀರು ಹಿಡಿದು ಪರೀಕ್ಷೆ ಮಾಡಿಸಿದ್ದೀಯ, ರಾಜಕಾಲುವೆಯ ಉದ್ದಕ್ಕೂ ನಡೆದು ಅಳತೆ ತೆಗೆದಿದ್ದೀಯ. ಮುಳಬಾಗಿಲು ಕಡೆಯ ಒಂದು ಕೆರೆಗೆ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದವರನ್ನು ನಾನು ಜಾಸ್ತಿ ನೋಡಿಲ್ಲ. ಅದಕ್ಕೇ ಇದು ಆ ಸಭೆಯಲ್ಲಿ ಪೋಲಾಗಬಾರದು ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ಕಥೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ದೊಡ್ಡ ತೊಂದರೆ ಅಲ್ಲೇ ಇದೆ.

ನೀನು ಜಿಲ್ಲೆಯ ಪರಿಚಯದಿಂದ ಆರಂಭಿಸಿದ್ದೀಯ. ಆಮೇಲೆ ನಮ್ಮ ಸಂಸ್ಥೆ, ಆಮೇಲೆ ಕೆರೆಗಳ ಮಹತ್ವ, ಆಮೇಲೆ ನೀರಿನ ಚಕ್ರ. ನಮ್ಮ ಕೆರೆ ಬರುವುದು ಸ್ಲೈಡ್ 9ರಲ್ಲಿ. ಅಲ್ಲಿ ಕೂತಿರುವವರು ಕೋಲಾರದಲ್ಲೇ ಕೆಲಸ ಮಾಡುವ ಅಧಿಕಾರಿಗಳು ಮತ್ತು ಸಣ್ಣ ನೀರಾವರಿ ಇಂಜಿನಿಯರ್‌ಗಳು. ಅವರಿಗೆ ಕೋಲಾರದಲ್ಲಿ ನೀರಿಲ್ಲ ಅಂತ ಹೇಳಿಕೊಡಬೇಕಾಗಿಲ್ಲ. ಮೊದಲ 8 ಸ್ಲೈಡ್ ಪೂರ್ತಿ ತೆಗೆದುಬಿಡು.

ಹಾಗಾದರೆ ಯಾವುದರಿಂದ ಶುರು? ಸ್ಲೈಡ್ 19ರ ಆ ಫೋಟೋ. ತೂಬಿನ ಕಲ್ಲುಕಂಬದ ಪಕ್ಕ ನೀರುಗಂಟಿ ತಾತ ನಿಂತಿದ್ದಾರೆ, ಹೂಳು ಎರಡನೇ ಅಡ್ಡಕಲ್ಲಿನವರೆಗೂ ಬಂದಿದೆ, ತಾತನ ಕೈ ಅದರ ಮೇಲಿದೆ. ಚಿಕ್ಕವರಿದ್ದಾಗ ಅದೇ ಕಲ್ಲಿನ ಮೇಲಿಂದ ನೀರಿಗೆ ಹಾರುತ್ತಿದ್ದರು ಅಂತ ನೀನೇ ಟಿಪ್ಪಣಿಯಲ್ಲಿ ಬರೆದಿದ್ದೀಯ. ಈಗ ಆ ಫೋಟೋ ಸ್ಲೈಡಿನ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟಿದೆ, ಸುತ್ತ ಆರು ಸಾಲು ಬರಹ. ಅದನ್ನು ಪರದೆ ತುಂಬ ಹಾಕು. ಒಂದಕ್ಷರ ಬೇಡ. ತಾತನ ಮಾತು ನಿನ್ನ ಬಾಯಲ್ಲಿ ಬರಲಿ.

ಅದಾದ ತಕ್ಷಣ ಒಂದೇ ಸಾಲಿನ ಸ್ಲೈಡ್ ಬೇಕು. 2021ರ ನವೆಂಬರ್ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಕೆರೆ ಕೋಡಿ ಹರಿದವು, ನಮ್ಮ ಕೆರೆ ಅರ್ಧವೂ ತುಂಬಲಿಲ್ಲ. ಇದು ಈಗ ಸ್ಲೈಡ್ 16ರಲ್ಲಿ ಏಳನೇ ಬುಲೆಟ್ ಆಗಿ ಅಡಗಿ ಕೂತಿದೆ. ನಿನ್ನ ಇಡೀ ಪ್ರೆಸೆಂಟೇಶನ್‌ನ ಜೀವ ಇದೇ ಕಣಮ್ಮ. ಮಳೆ ಬಂದಿದೆ, ಅಕ್ಕಪಕ್ಕದ ಕೆರೆ ತುಂಬಿವೆ, ನಮ್ಮದು ಮಾತ್ರ ತುಂಬಿಲ್ಲ ಅಂದರೆ ನೀರು ದಾರಿಯಲ್ಲೆಲ್ಲೋ ನಿಂತಿದೆ. ಎಲ್ಲಿ ಅಂತ ಕೇಳುವವರಿಗೇ ಅನಿಸಬೇಕು. ಆಗ ನೀನು ರಾಜಕಾಲುವೆಯ ನಕ್ಷೆ ತೋರಿಸು. ರಸ್ತೆ ಕೆಳಗಿನ ಕಿರಿದಾದ ಪೈಪು, ನೀಲಗಿರಿ ತೋಪಿನ ಹತ್ತಿರ ಮುಚ್ಚಿಹೋದ ಭಾಗ, ತೋಟಕ್ಕೆ ದಾರಿ ಮಾಡಲು ಸುರಿದ ಮಣ್ಣು. ಮೂರು ಕೆಂಪು ಚುಕ್ಕೆ, ಅಷ್ಟು ಸಾಕು.

ಇಲ್ಲಿಗೆ ಬಂದ ಮೇಲೆ ನನಗೆ ನಿಜವಾಗಿ ಭಯವಾದದ್ದು ಸ್ಲೈಡ್ 31. ಒಟ್ಟು 50 ಲಕ್ಷ ಕೇಳಿದ್ದೀಯ. ಅದರಲ್ಲಿ ಹೂಳೆತ್ತಲು 48 ಲಕ್ಷ, ಕಾಲುವೆಗೆ 2 ಲಕ್ಷ. ನಿನ್ನ ಸಾಕ್ಷಿಯೆಲ್ಲ ಕಾಲುವೆ ಕಡೆ ಬೆರಳು ತೋರಿಸುತ್ತಿದೆ, ದುಡ್ಡು ಮಾತ್ರ ಹೂಳಿಗೆ ಹೋಗುತ್ತಿದೆ. ಸಣ್ಣ ನೀರಾವರಿಯವರು ಇದನ್ನು ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ. ನೀರೇ ಬರದ ಕೆರೆಯನ್ನು ಆಳ ಮಾಡಿ ಏನು ಮಾಡ್ತೀರಮ್ಮ ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ನಾಳೆಯೇ ನಮ್ಮ ಇಂಜಿನಿಯರ್ ಜೊತೆ ಕೂತು ಕಾಲುವೆಯ ಅಂದಾಜು ಮತ್ತೆ ಮಾಡಿಸು. ಮೊದಲ ವರ್ಷ ಕಾಲುವೆ ಮತ್ತು ಪೈಪು, ಒಂದು ಮಳೆಗಾಲ ನೋಡಿಕೊಂಡು ಎರಡನೇ ವರ್ಷ ಹೂಳು ಅಂತ ಹಂತ ಮಾಡಿದರೆ ಕಥೆಗೂ ಲೆಕ್ಕಕ್ಕೂ ಹೊಂದುತ್ತದೆ. ಸ್ಲೈಡ್‌ಗಳನ್ನು ಎಷ್ಟೇ ಚಂದ ಮಾಡಿದರೂ ಈ ತಪ್ಪು ಮುಚ್ಚುವುದಿಲ್ಲ, ಆದ್ದರಿಂದ ಬೇರೆ ಎಲ್ಲಕ್ಕಿಂತ ಮುಂಚೆ ಇದನ್ನು ಮಾಡು.

ಇನ್ನು ಸ್ಲೈಡ್‌ಗಳ ತುಂಬುವಿಕೆ. ಸ್ಲೈಡ್ 11ರಲ್ಲಿ ನಾನು ಎಣಿಸಿದೆ, 163 ಪದ ಇವೆ. ಅಕ್ಷರದ ಅಳತೆ 12. ಆ ಸಭಾಂಗಣದಲ್ಲಿ ಹಿಂದಿನ ಸಾಲಿಗೆ 24ಕ್ಕಿಂತ ಚಿಕ್ಕದು ಕಾಣಿಸುವುದಿಲ್ಲ, ಅಲ್ಲಿ ನಾನು ಕೂತು ಬಂದಿದ್ದೇನೆ. ಅದೂ ಅಲ್ಲದೆ ಜನ ಓದಲು ಶುರು ಮಾಡಿದರೆ ನಿನ್ನ ಮಾತು ಕೇಳುವುದಿಲ್ಲ. ಶೀರ್ಷಿಕೆಗಳನ್ನೂ ಬದಲಾಯಿಸು. ‘ಅಂತರ್ಜಲದ ಸ್ಥಿತಿಗತಿ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಹತ್ತು ವರ್ಷದಲ್ಲಿ ಬೋರ್‌ವೆಲ್ 600 ಅಡಿಯಿಂದ 1,100 ಅಡಿಗೆ ಹೋಗಿದೆ’ ಅಂತ ಬರೆ. ಬರೀ ಶೀರ್ಷಿಕೆಗಳನ್ನು ಸಾಲಾಗಿ ಓದಿದರೂ ಕಥೆ ತಿಳಿಯಬೇಕು.

ಒಂದು ಕನ್ನಡದ್ದೇ ತೊಂದರೆ. ಸಾಲುಗಳ ನಡುವೆ ಜಾಗ ತೀರಾ ಕಡಿಮೆ ಮಾಡಿದ್ದೀಯ, ಹಾಗಾಗಿ ‘ಇಂಗುತ್ತಿಲ್ಲ’, ‘ಅಚ್ಚುಕಟ್ಟು’ ಇಂಥ ಕಡೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ. ಸ್ಲೈಡ್ 20ರಿಂದ 26ರವರೆಗೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದ್ದೀಯ. ನನ್ನ ಕಂಪ್ಯೂಟರಿನಲ್ಲಿ ಆ ಏಳೂ ಸ್ಲೈಡ್ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆದವು. ಅಲ್ಲಿಯೂ ಹೀಗೇ ಆಗುತ್ತದೆ. ಯೂನಿಕೋಡ್‌ಗೆ ಬದಲಾಯಿಸು, ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೋ.

ಚಾರ್ಟ್‌ಗಳ ವಿಷಯಕ್ಕೆ ಬರೋಣ. ಸ್ಲೈಡ್ 12ರ ಗೆರೆ ಚಾರ್ಟ್ ನೋಡಿ ನಾನೇ ಒಂದು ಕ್ಷಣ ಮೋಸಹೋದೆ. ನೀರು ಆಳಕ್ಕೆ ಹೋದಂತೆ ಗೆರೆ ಮೇಲಕ್ಕೆ ಏರುತ್ತಿದೆ! ಆಳದ ಸಂಖ್ಯೆ ದೊಡ್ಡದಾಗುತ್ತದೆ, ಹಾಗಾಗಿ ಎಕ್ಸೆಲ್ ಅದನ್ನು ಮೇಲೆ ತೋರಿಸಿದೆ. ಆದರೆ ನೋಡುವವರ ಕಣ್ಣಿಗೆ ನೀರು ಮೇಲೆ ಬಂದ ಹಾಗೆ ಕಾಣುತ್ತದೆ. ಲಂಬ ಅಕ್ಷದ ಮೇಲೆ ಬಲಕ್ಲಿಕ್ ಮಾಡಿ `Format Axis` ಒಳಗೆ `Values in reverse order` ಆರಿಸು. ಸೊನ್ನೆ ಮೇಲಕ್ಕೆ ಬರುತ್ತದೆ, ಅದೇ ನೆಲ. ಗೆರೆ ನೆಲದಿಂದ ಕೆಳಗೆ ಇಳಿಯುತ್ತದೆ. ಯಾರಿಗೂ ವಿವರಿಸಬೇಕಾಗಿಲ್ಲ.

ಅದೇ ಚಾರ್ಟಿನಲ್ಲಿ ಇನ್ನೊಂದು ಎಡವಟ್ಟಿದೆ. 2019ರವರೆಗೆ ನೀನು ಹಾಕಿರುವುದು ಬೋರ್ ಕೊರೆದ ಆಳ. ಅಲ್ಲಿಂದ ಈಚೆಗೆ ಹಾಕಿರುವುದು ನೀರು ನಿಂತ ಮಟ್ಟ. ಎರಡೂ ಬೇರೆ ಬೇರೆ. 1,100 ಅಡಿ ಕೊರೆದ ಬಾವಿಯಲ್ಲಿ ನೀರು 700 ಅಡಿಗೂ ನಿಂತಿರಬಹುದು. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಿದರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತದೆ. ಕೊರೆದ ಆಳ ನಿನ್ನ ಹತ್ತಿರ ಎಲ್ಲ ವರ್ಷಕ್ಕೂ ಇದೆ, ಅದೊಂದನ್ನೇ ಇಟ್ಟುಕೋ.

ಫ್ಲೋರೈಡ್ ಕೋಷ್ಟಕದಲ್ಲಿ 24 ಸಾಲು, 9 ಕಾಲಂ. ಇದನ್ನು ಕಂಬ ಚಾರ್ಟ್ ಮಾಡು. ಹೆಚ್ಚಿನದರಿಂದ ಕಡಿಮೆಗೆ ಜೋಡಿಸು, ಲೀಟರಿಗೆ 1.5 ಮಿಲಿಗ್ರಾಂ ಹತ್ತಿರ ಒಂದು ಅಡ್ಡಗೆರೆ ಎಳೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಆ ಗೆರೆಗಿಂತ ಮೇಲಿರುವ 14 ಕಂಬಕ್ಕೆ ಒಂದು ಬಣ್ಣ, ಉಳಿದವಕ್ಕೆ ಬೂದು. ಬೆಳೆಗಳ 3ಡಿ ಪೈ ಚಾರ್ಟ್ ತೆಗೆ. ರಾಗಿ, ಟೊಮೆಟೊ, ಹಿಪ್ಪುನೇರಳೆ, ಮಾವು ಅಂತ ಒಂಬತ್ತು ತುಂಡು ಇದೆ, ಮುಂದಿರುವ ತುಂಡು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಕಥೆಗೂ ಅದು ಬೇಕಿಲ್ಲ.

90,000 ಘನ ಮೀಟರ್ ಹೂಳು ಅಂತ ಬರೆದಿದ್ದೀಯ. 18 ಹೆಕ್ಟೇರ್, ಸರಾಸರಿ ಅರ್ಧ ಮೀಟರ್, ಲೆಕ್ಕ ಸರಿ. ಆದರೆ ಯಾರ ಕಣ್ಣ ಮುಂದೆಯೂ ಏನೂ ಬರುವುದಿಲ್ಲ. ಒಂದು ಘನ ಮೀಟರ್ ಅಂದರೆ 1,000 ಲೀಟರ್. ಹಾಗಾಗಿ ‘9 ಕೋಟಿ ಲೀಟರ್ ನೀರಿನ ಜಾಗದಲ್ಲಿ ಮಣ್ಣು ಕೂತಿದೆ’ ಅನ್ನು. ಊರಿನಲ್ಲಿ 1,800 ಜನ. ತಲೆಗೆ ದಿನಕ್ಕೆ 55 ಲೀಟರ್ ಅಂತ ಜಲಜೀವನ್ ಮಿಷನ್ ಲೆಕ್ಕ ಹಿಡಿದರೆ ದಿನಕ್ಕೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ಹೂಳು ತಿಂದಿರುವುದು ಊರಿನ 900 ದಿನದ ನೀರಿನಷ್ಟು ಜಾಗ. ಆವಿಯಾಗುವುದು, ಇಂಗುವುದು ಇದರಲ್ಲಿ ಸೇರಿಲ್ಲ ಅಂತ ನೀನಾಗಿಯೇ ಹೇಳು, ಅವರು ಕೇಳುವವರೆಗೆ ಕಾಯಬೇಡ.

ಟಿಪ್ಪಣಿಗಳಲ್ಲಿ ತುಂಬಾ ಶ್ರಮ ಹಾಕಿದ್ದೀಯ, ಆದರೆ ಅವು ಪ್ರಬಂಧ ಆಗಿವೆ. ಸ್ಲೈಡ್ 7ರ ಟಿಪ್ಪಣಿ ಒಂದಕ್ಕೇ 3 ನಿಮಿಷ 40 ಸೆಕೆಂಡ್ ಬೇಕಾಯಿತು. ‘ಜಲಮೂಲಗಳ ಪುನಶ್ಚೇತನದ ಅನಿವಾರ್ಯತೆಯನ್ನು ಮನಗಂಡು’ ಅಂತ ನೀನು ಯಾವತ್ತಾದರೂ ಮಾತಾಡಿದ್ದೀಯಾ? ಕೆರೆ ಏರಿ ಮೇಲೆ ನಿಂತು ನನಗೆ ಹೇಳಿದೆಯಲ್ಲ, ‘ನೀರು ಬರೋ ದಾರೀನೇ ಮುಚ್ಚಿಬಿಟ್ಟಿದ್ದಾರೆ ಸರ್’ ಅಂತ, ಹಾಗೆ ಬರೆದುಕೋ. ಪ್ರತಿ ಸ್ಲೈಡಿಗೆ ಮೂರು ಸಾಲು. ಮೊದಲ ವಾಕ್ಯ, ಮರೆಯಬಾರದ ಒಂದು ಅಂಕಿ, ಮುಂದಿನ ಸ್ಲೈಡಿಗೆ ಹೋಗುವ ಮಾತು. ಮುಖ್ಯವಾದ ಖರ್ಚಿನ ಸ್ಲೈಡಿಗೆ ಟಿಪ್ಪಣಿಯೇ ಇಲ್ಲ. ಅಲ್ಲಿ ಬರಬಹುದಾದ ಪ್ರಶ್ನೆಗಳನ್ನು ಬರೆದಿಟ್ಟುಕೋ. ಗೋಡುಮಣ್ಣು ಯಾರು ಒಯ್ಯುತ್ತಾರೆ, ಸಾಗಿಸುವ ಖರ್ಚು ಯಾರದು, ತೂಬಿನ ಮಟ್ಟಕ್ಕಿಂತ ಕೆಳಗೆ ತೆಗೆಯುತ್ತೀರಾ. ಕೊನೆಯದಕ್ಕೆ ಉತ್ತರ ಗಟ್ಟಿ ಇರಲಿ. ತೂಬಿಗಿಂತ ಕೆಳಗಿನ ನೀರು ತಾನಾಗಿ ಅಚ್ಚುಕಟ್ಟಿಗೆ ಹರಿಯುವುದಿಲ್ಲ, ಅದು ದನಕರುಗಳಿಗೆ ಮತ್ತು ಇಂಗುವುದಕ್ಕೆ ಮಾತ್ರ.

ಒಂದು ವಿಷಯ ಇವತ್ತೇ ಆಗಬೇಕು. ಸ್ಲೈಡ್ 22ರ ಟಿಪ್ಪಣಿಯಲ್ಲಿ ಒತ್ತುವರಿ ಮಾಡಿದವರ ಹೆಸರು, ಸರ್ವೆ ನಂಬರ್ ಬರೆದಿದ್ದೀಯ. ಸಭೆ ಮುಗಿದ ಮೇಲೆ ಫೈಲು ಕೇಳಿಯೇ ಕೇಳುತ್ತಾರೆ, ಟಿಪ್ಪಣಿಯೂ ಅದರ ಜೊತೆಗೇ ಹೋಗುತ್ತದೆ. ಸರ್ವೆ ಅಳತೆ ಆಗುವ ಮುಂಚೆ ಹೆಸರು ಹೊರಗೆ ಬಂದರೆ ಊರಿನಲ್ಲಿ ಜಗಳ ಹತ್ತಿಕೊಳ್ಳುತ್ತದೆ, ನೀನು ಆ ಕಾಲುವೆ ಹತ್ತಿರ ಹೋಗುವುದೇ ಕಷ್ಟ ಆಗುತ್ತದೆ. ಈಗಲೇ ಅಳಿಸು, ನನಗೆ ಕಳಿಸಿದ ಮೇಲ್‌ನಲ್ಲಿ ಬೇರೆ ಯಾರಿದ್ದಾರೆ ಅಂತಲೂ ನೋಡು. ಸಭೆಯ ದಿನ ಪ್ರೊಜೆಕ್ಟರ್ ಜೋಡಿಸಿದಾಗ `Windows + P` ಒತ್ತಿ `Extend` ಆರಿಸು, ಇಲ್ಲದಿದ್ದರೆ ನಿನ್ನ ಪರದೆಯಲ್ಲಿರುವ ಟಿಪ್ಪಣಿ ಗೋಡೆ ಮೇಲೂ ಕಾಣಬಹುದು.

ಎಲ್ಲ ಸೇರಿ ಒಂಬತ್ತು ಸ್ಲೈಡ್ ಉಳಿದರೆ ಸಾಕು. ಮಿಕ್ಕವನ್ನು ಎಸೆಯಬೇಡ, ಕೊನೆಯ ಸ್ಲೈಡ್ ಆದ ಮೇಲೆ ಇಟ್ಟುಕೋ, ಕೇಳಿದರೆ ತೆಗೆದು ತೋರಿಸಬಹುದು. ನೀರುಗಂಟಿ ತಾತನಿಗೆ ಫೋನ್ ಮಾಡಿ ಅವರ ಫೋಟೋ ದೊಡ್ಡದಾಗಿ ತೋರಿಸುತ್ತೇವೆ ಅಂತ ಹೇಳಿ ಒಪ್ಪಿಗೆ ಕೇಳು. ಸಾಧ್ಯವಾದರೆ ಸಭೆಗೇ ಕರೆದುಕೊಂಡು ಬಾ, ಬಸ್ ಚಾರ್ಜು ಸಂಸ್ಥೆಯಿಂದ ಕೊಡೋಣ. ಶನಿವಾರ ಸಂಜೆ ನಾಲ್ಕಕ್ಕೆ ಹೊಸ ಫೈಲು ತಗೊಂಡು ಆಫೀಸಿಗೆ ಬಾ. ನಾನು ಹಿಂದಿನ ಗೋಡೆ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ, ನೀನು ನಿಂತು ಪೂರ್ತಿ ಹೇಳು.