ದೊಡ್ಡಪ್ಪನ ಕರಡು ಓದಿದ ಮೇಲೆ

ದೊಡ್ಡಪ್ಪಾ, ನಮಸ್ಕಾರ.

ನಿಮ್ಮ ಮುಳುಗಡೆಯ ನೆನಪುಗಳ ಕರಡನ್ನು ಎರಡು ಸಲ ಓದಿದೆ. ಅಜ್ಜಿ ಹೊಸ್ತಿಲು ಕೀಳಿಸಿ ಗಾಡಿಗೆ ಹಾಕಿಸಿದ ಪುಟ ಓದುವಾಗ ಕಣ್ಣು ತುಂಬಿ ಬಂತು. ಇದು ಪುಸ್ತಕವಾಗಲೇಬೇಕು. ಅದಕ್ಕೇ ಬಿಚ್ಚುಮನಸ್ಸಿನಿಂದ ಬರೆಯುತ್ತಿದ್ದೇನೆ.

ದೊಡ್ಡ ತೊಡಕಿರುವುದು ಇಸವಿಗಳಲ್ಲಿ. ಎರಡನೇ ಅಧ್ಯಾಯದಲ್ಲಿ 1959ರ ಮಳೆಗಾಲಕ್ಕೇ ಮನೆ ಮುಳುಗುತ್ತದೆ. ಆದರೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಐದನೇ ಅಧ್ಯಾಯದಲ್ಲಿ ಸಣ್ಣತ್ತೆ ಹುಟ್ಟಿದ್ದು ಹಳೇ ಮನೆಯಲ್ಲೇ ಎಂದಿದ್ದೀರಿ. ಅವರ ಜಾತಕದಲ್ಲಿರುವುದು ಶುಭಕೃತ್ ಸಂವತ್ಸರ, ಅಂದರೆ 1962ರ ಯುಗಾದಿಯಿಂದ 1963ರ ಯುಗಾದಿಯೊಳಗೆ. ಶಾಲೆಯಲ್ಲಿ ಬರೆಸಿದ ತಾರೀಖು ಬೇರೆ ಇದೆ, ಅದನ್ನು ನೆಚ್ಚಬೇಡಿ. ನನಗನ್ನಿಸುವುದು, ನಿಮ್ಮ ನೆನಪಿನಲ್ಲಿ ಎರಡು ಮುಳುಗಡೆಗಳು ಒಂದಾಗಿವೆ. ಗದ್ದೆ ಹೋದದ್ದು ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟಿನ ನೀರಿಗೆ, ನೀವು ಹುಟ್ಟುವ ಮೊದಲು. ಅದು ಅಜ್ಜ ಹೇಳಿದ ಕಥೆ. ಮನೆ ಹೋದದ್ದು ಲಿಂಗನಮಕ್ಕಿಗೆ. ಅದು ನೀವು ಕಂಡದ್ದು. ಬೇರೆ ಬೇರೆ ಮಾಡಿದರೆ ಒಂದೇ ಹೊಳೆ ಒಂದೇ ಮನೆತನವನ್ನು ಎರಡು ಸಲ ಎಬ್ಬಿಸಿತೆಂಬುದು ಓದುವವರಿಗೆ ತಟ್ಟುತ್ತದೆ. ಊರು ಬಿಟ್ಟ ದಿನವೂ ನೀರು ಬಂದ ದಿನವೂ ಒಂದೇ ಅಲ್ಲ, ಅದನ್ನೂ ಬಿಡಿಸಿ ಬರೆಯಿರಿ. ಪರಿಹಾರದ ನೋಟಿಸು ಕೊಟ್ಟದ್ದು 'ಕರ್ನಾಟಕ ಸರ್ಕಾರ' ಅಲ್ಲ, ಮೈಸೂರು ಸರ್ಕಾರ. ಹೆಸರು ಬದಲಾದದ್ದು 1973ರ ನವೆಂಬರಿನಲ್ಲಿ.

ಹೊಸ್ತಿಲಿನ ಕಥೆ 2, 5, 9ನೇ ಅಧ್ಯಾಯಗಳಲ್ಲಿ ಮೂರು ಸಲ ಬಂದಿದೆ. ಒಂಬತ್ತರದ್ದೇ ಚೆನ್ನ: ಅಜ್ಜ ಬೇಡವೆಂದಾಗ ಅಜ್ಜಿ ಹೊಸ್ತಿಲ ಮೇಲೇ ಕೂತುಬಿಟ್ಟದ್ದು ಅದರಲ್ಲಿ ಮಾತ್ರ ಇದೆ. ಅದನ್ನು ಎರಡಕ್ಕೆ ತಂದು ಉಳಿದವನ್ನು ಹೊಡೆದುಹಾಕಿ. ದನ ಹೊಳೆ ದಾಟಿದ ಪ್ರಸಂಗವೂ ಒಂದು ಸಲ ಸಾಕು. ಅಜ್ಜನ "ನೀರಿಗೆ ಊರು ಕೊಟ್ಟವರು ನಾವು" ಎಂಬ ಮಾತು ಮಾತ್ರ ಬಂದಲ್ಲೆಲ್ಲ ಇರಲಿ. ಅವರು ಹಾಗೇ ಹೇಳುತ್ತಿದ್ದರಲ್ಲವೇ.

ಇನ್ನು ಬದುಕಿರುವವರ ವಿಷಯ. ಸಣ್ಣತ್ತೆಗೆ ಮಕ್ಕಳಾಗದ್ದು, ಚಿಕಿತ್ಸೆಗೆ ಅಲೆದದ್ದು, ಆ ಎರಡು ಪುಟ ಪೂರ್ತಿ ತೆಗೆಯಿರಿ. ಹೆಸರು ಬದಲಿಸಿದರೂ ಸಾಗರದ ಕಡೆಯ ನೆಂಟರಿಗೆ ಯಾರೆಂದು ಥಟ್ಟನೆ ತಿಳಿಯುತ್ತದೆ. ಅವರು ನಿಮ್ಮಲ್ಲಿ ನಂಬಿ ಹೇಳಿಕೊಂಡದ್ದು ಅದು. ನನ್ನ ತಂಗಿಯ ವಿಚ್ಛೇದನದ ಕೋರ್ಟು ಕಾಗದದ ಸಾಲುಗಳೂ ಬೇಡ. ಅವಳ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಪರಿಹಾರದ ಹಣಕ್ಕೆ ನಿಮಗೂ ಚಿಕ್ಕಪ್ಪನಿಗೂ ಆದ ಜಗಳ ಬೇರೆ ಮಾತು. ಮುಳುಗಡೆ ಮನೆಯೊಳಗೆ ಏನು ಮಾಡಿತು ಎಂಬುದು ಅಲ್ಲೇ ಇದೆ, ಅದಿಲ್ಲದಿದ್ದರೆ ಪುಸ್ತಕ ಸೊರಗುತ್ತದೆ. ಆದರೆ ಅಚ್ಚಿಗೆ ಮೊದಲು ಆ ಅಧ್ಯಾಯವನ್ನು ಚಿಕ್ಕಪ್ಪ ಓದಲಿ, ಅವರು ಕಂಡದ್ದಕ್ಕೂ ಒಂದು ಪುಟ ಕೊಡಿ. "ಸಹಿ ಕದ್ದ" ಎಂಬ ಮಾತಿಗೆ ನಿಮ್ಮಲ್ಲಿ ಕಾಗದವಿಲ್ಲ, ಅದನ್ನು ಬಿಡಿ. ವಂಶವೃಕ್ಷದಲ್ಲಿ ಮಕ್ಕಳ ಹುಟ್ಟಿದ ದಿನ, ಫೋನ್ ನಂಬರು ತೆಗೆದುಬಿಡಿ.

ಗುರುತು ಹಾಕಿದ ಪ್ರತಿಯನ್ನು ಅಪ್ಪಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಚಿಕ್ಕಪ್ಪನಲ್ಲಿಗೆ ಹೋಗುವುದಾದರೆ ಹೇಳಿ, ನಾನೂ ಜೊತೆಗೆ ಬರುತ್ತೇನೆ.