ಎಂ.ಡಿ. ಅವರ ಬೆಳಗಿನ ಪುಟ: ಯಾವುದು ಎಲ್ಲಿರಬೇಕು

ಎಂಐಎಸ್ ವಿಭಾಗದ ಗೆಳೆಯರಿಗೆ,

ನಮ್ಮ ಹಾಲು ಒಕ್ಕೂಟದ ದಿನದ ವರದಿ ಈಗ ಹನ್ನೊಂದು ಶೀಟುಗಳಲ್ಲಿದೆ. ಅದರ ಬದಲು ಒಂದೇ ಪುಟ ಮಾಡುತ್ತಿದ್ದೇವೆ. ಎ4 ಹಾಳೆ, ಅಡ್ಡಕ್ಕೆ. ಬೆಳಿಗ್ಗೆ 9 ಗಂಟೆಗೆ ಎಂ.ಡಿ. ಅವರ ಮೇಜಿನ ಮೇಲಿರಬೇಕು. ಅವರು ಓದುವುದು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ. ನಿನ್ನೆ ಏನಾಯ್ತು, ಇದು ಎತ್ತ ಹೋಗುತ್ತಿದೆ, ಎಲ್ಲಿ ಕೈ ಹಾಕಬೇಕು: ಈ ಮೂರು ಪ್ರಶ್ನೆಗೆ ಅದೇ ಕ್ರಮದಲ್ಲಿ ಉತ್ತರ ಸಿಗಬೇಕು.

ಮೇಲಿನ ಪಟ್ಟಿ, 4 ಸೆಂ.ಮೀ.

ನಾಲ್ಕೇ ಅಂಕಿ. ಎಡದ ಮೊದಲ ಜಾಗ ಶೇಖರಣೆಗೆ ಇರಲಿ ಅಂತ ಸಭೆಯಲ್ಲಿ ಮಾತು ಬಂದಿತ್ತು. ನಾನು ಆ ಜಾಗವನ್ನು ಉಳಿಕೆ ಹಾಲಿಗೆ ಕೊಟ್ಟಿದ್ದೇನೆ. ಪುಡಿ ಘಟಕಕ್ಕೆ ಎಷ್ಟು ಟ್ಯಾಂಕರ್ ಕಳಿಸಬೇಕು ಅನ್ನೋದು ಬೆಳಿಗ್ಗೆಯೇ ತೀರ್ಮಾನ ಆಗಬೇಕು, ಅಲ್ವಾ? ಪುಡಿಯಾದ ಹಾಲಿನ ದುಡ್ಡು ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂರುತ್ತದೆ, ಆದರೆ ರೈತರ ಬಟವಾಡೆ ಕಾಯುವುದಿಲ್ಲ. ಹಾಗಾಗಿ ಉಳಿಕೆ ಹಾಲು 36 ಪಾಯಿಂಟ್ ಅಕ್ಷರದಲ್ಲಿ. ಅದರ ಬಲಕ್ಕೆ ಶೇಖರಣೆ, ಮಾರಾಟ, ಹುಳಿ ಹಾಲು, 24 ಪಾಯಿಂಟಿನಲ್ಲಿ. ಪ್ರತಿ ಅಂಕಿಯ ಕೆಳಗೆ ಚಿಕ್ಕದಾಗಿ ಒಂದೇ ಹೋಲಿಕೆ: ಕಳೆದ ವಾರದ ಇದೇ ದಿನ.

ಇಲ್ಲೊಂದು ಎಚ್ಚರಿಕೆ ಬೇಕು. ಶೇಖರಣೆ ಕೆಜಿಯಲ್ಲಿ ಬರುತ್ತದೆ, ಮಾರಾಟ ಲೀಟರಿನಲ್ಲಿ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. 8,24,000 ಕೆಜಿ ಅಂದರೆ 8,00,000 ಲೀಟರ್. ಶೇಖರಣೆಯ ಕೆಜಿಯಿಂದ ಮಾರಾಟದ ಲೀಟರನ್ನು ಹಾಗೇ ಕಳೆದರೆ ಇಲ್ಲದ 24,000 ಲೀಟರ್ ಉಳಿಕೆಯಲ್ಲಿ ಸೇರಿಕೊಳ್ಳುತ್ತದೆ. ಪುಟದಲ್ಲಿ ಎಲ್ಲವೂ ಲೀಟರಿನಲ್ಲೇ ಇರಲಿ. ಅಂಕಿಗಳಿಗೆ ಲಕ್ಷದ ಅಲ್ಪವಿರಾಮ ಬರಲು ಎಕ್ಸೆಲ್‌ನಲ್ಲಿ ಈ ಫಾರ್ಮ್ಯಾಟ್ ಹಾಕಿ:

```
[>=10000000]##\,##\,##\,##0;[>=100000]##\,##\,##0;##,##0
```

ನಡುವಿನ ಭಾಗ, 8 ಸೆಂ.ಮೀ.

ಒಂದೇ ಗ್ರಾಫ್, ಪುಟದ ಪೂರ್ತಿ ಅಗಲಕ್ಕೆ. 52 ವಾರಗಳ ವಾರವಾರದ ಸರಾಸರಿ ಶೇಖರಣೆ ಒಂದು ಗೆರೆ, ಮಾರಾಟ ಇನ್ನೊಂದು ಗೆರೆ. ನಡುವಿನ ಅಂತರಕ್ಕೆ ತೆಳು ಬೂದು ಬಣ್ಣ. ಆ ಅಂತರವೇ ಉಳಿಕೆ. ಮೇಲೆ ದೊಡ್ಡದಾಗಿ ಓದಿದ ಅಂಕಿ ಇಲ್ಲಿ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಕಣ್ಣಿಗೆ ಬೀಳಬೇಕು. ಅಕ್ಷ ಸೊನ್ನೆಯಿಂದಲೇ ಶುರುವಾಗಲಿ, ಇಲ್ಲದಿದ್ದರೆ ಸಣ್ಣ ಅಂತರವೂ ದೊಡ್ಡದಾಗಿ ಕಾಣುತ್ತದೆ.

ದಿನದ ಅಂಕಿ ಹಾಕಬೇಡಿ, ಗೆರೆ ಸುಮ್ನೆ ಕುಣಿಯುತ್ತದೆ. ಕಳೆದ ವರ್ಷದ ಶೇಖರಣೆಯನ್ನು ತೆಳು ಚುಕ್ಕೆ ಗೆರೆಯಲ್ಲಿ ಕೊಡಿ. ಬೇಸಿಗೆಯಲ್ಲಿ ಹಾಲು ಇಳಿಯುವುದು, ಮಳೆ ಬಿದ್ದು ಮೇವು ಬಂದ ಮೇಲೆ ಏರುವುದು ಪ್ರತಿ ವರ್ಷ ಇದ್ದದ್ದೇ. ಈ ಸಲದ ಇಳಿತ ಅದಕ್ಕಿಂತ ಜಾಸ್ತಿಯೇ ಅನ್ನೋದು ಗೊತ್ತಾಗಬೇಕು. ಯುಗಾದಿ, ಗೌರಿ-ಗಣೇಶ, ದಸರಾ ವಾರಗಳಲ್ಲಿ ಮಾರಾಟದ ಗೆರೆಯ ಮೇಲೆ ಹಬ್ಬದ ಹೆಸರು ಬರೆಯಿರಿ. ಹಬ್ಬದ ತಾರೀಖು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಹೆಸರಿಲ್ಲದಿದ್ದರೆ ಆ ಏರಿಕೆ ಯಾಕೆ ಅಂತ ಫೋನ್ ಬರುತ್ತದೆ.

ಕೆಳಗಿನ ಭಾಗ, 6 ಸೆಂ.ಮೀ.

ಶೀತಲ ಕೇಂದ್ರಗಳ ಪಟ್ಟಿ. ಅಕ್ಷರ ಕ್ರಮ ಬೇಡ. ಕಳೆದ ವಾರಕ್ಕಿಂತ ಎಷ್ಟು ಲೀಟರ್ ಕಮ್ಮಿಯಾಗಿದೆ ಅನ್ನೋ ಕ್ರಮದಲ್ಲಿ ಜೋಡಿಸಿ, ಮೇಲಿನ ಎಂಟು ಸಾಲು ಮಾತ್ರ ತೋರಿಸಿ. ಶೇಕಡಾವಾರು ಲೆಕ್ಕ ಹಿಡಿದರೆ ಚಿಕ್ಕ ಕೇಂದ್ರಗಳೇ ಮೇಲೆ ಬಂದು ಕೂರುತ್ತವೆ. ಕಾಲಂಗಳು: ಕೇಂದ್ರ, ನಿನ್ನೆಯ ಶೇಖರಣೆ, ವ್ಯತ್ಯಾಸ, ಹುಳಿ ಹಾಲು, ಕಾರಣ.

ಕಾರಣದ ಕಾಲಂ ಅಗಲವಾಗಿರಲಿ. ಅದನ್ನು ಕೇಂದ್ರದ ಮುಖ್ಯಸ್ಥರೇ 8:30ರೊಳಗೆ ಬರೆದು ಕಳಿಸುತ್ತಾರೆ. "ತಾಂತ್ರಿಕ ಸಮಸ್ಯೆ" ಅಂತ ಬಂದರೆ ವಾಪಸ್ ಕಳಿಸಿ. "ಟ್ರಾನ್ಸ್‌ಫಾರ್ಮರ್ ಸುಟ್ಟು ಬಿಎಂಸಿ 5 ಗಂಟೆ ನಿಂತಿತ್ತು, ಜನರೇಟರ್‌ಗೆ ಡೀಸೆಲ್ ಇರಲಿಲ್ಲ" ಅಂತಿದ್ದರೆ ಎಂ.ಡಿ. ಯಾರಿಗೆ ಫೋನ್ ಮಾಡಬೇಕು ಅನ್ನೋದು ಅಲ್ಲೇ ತಿಳಿಯುತ್ತದೆ. ಅಂಕಿ ಬಾರದ ಕೇಂದ್ರಕ್ಕೆ "ಬಂದಿಲ್ಲ" ಅಂತಲೇ ಬರೆಯಿರಿ. ಸೊನ್ನೆ ಹಾಕಿದರೆ ಹಾಲೇ ಬರಲಿಲ್ಲ ಅಂತಾಗುತ್ತದೆ.

ಕೊನೆಯ ಸಾಲು, 1 ಸೆಂ.ಮೀ.

ಅಂಕಿ ಎಷ್ಟು ಹೊತ್ತಿನವರೆಗಿನದು, ಎಷ್ಟು ಕೇಂದ್ರದಿಂದ ಬಂದಿದೆ. ಅಷ್ಟೇ.

ಲೋಗೋ, ಮೀಟರ್ ಮುಳ್ಳು, ಪೈ ಚಾರ್ಟ್ ಬೇಡ. ಕೆಂಪು-ಹಸಿರು ಬಣ್ಣವನ್ನೇ ನಂಬಬೇಡಿ, ನಮ್ಮ ಪ್ರಿಂಟರ್ ಕಪ್ಪು-ಬಿಳುಪಿನದು. ಇಳಿದದ್ದಕ್ಕೆ ▼, ಏರಿದ್ದಕ್ಕೆ ▲ ಹಾಕಿ.

ಸೋಮವಾರ ಬೆಳಿಗ್ಗೆ ಭಾನುವಾರದ ಅಂಕಿ ಹಾಕಿ ಮೊದಲ ಪ್ರತಿ ತೆಗೆಯೋಣ. ಪರದೆ ಮೇಲೆ ತೋರಿಸಬೇಡಿ, ಅದೇ ಪ್ರಿಂಟರಿನಲ್ಲಿ ತೆಗೆದು ಕೊಡಿ. ಶೇಖರಣೆ ಮತ್ತು ಮಾರುಕಟ್ಟೆ ವಿಭಾಗದ ಇಬ್ಬರೂ ಮ್ಯಾನೇಜರ್‌ಗಳು ಅಂಕಿ ನೋಡಿ ಸಹಿ ಹಾಕಿದ ಮೇಲೆ ಅದು ಎಂ.ಡಿ. ಅವರ ಬಳಿ ಹೋಗಲಿ.