ಹೆಸರು ಹೇಳದೆ ಹೊರಟುಹೋದವರಿಗೆ

ಮೆಟ್ಟಿಲು ಹತ್ತುತ್ತಿರುವವನು ನನ್ನ ಗೆಳೆಯ. ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಊರುಗೋಲು. ಮೊದಲ ಚಿತ್ರದಲ್ಲಿ ಹಲ್ಲು ಕಚ್ಚಿ ಹಿಡಿದಿದ್ದಾನೆ. ನಗು ಎರಡನೆಯದರಲ್ಲಿದೆ, ಕೊನೆಯ ಮೆಟ್ಟಿಲು ಮುಟ್ಟಿದ ಮೇಲೆ ತೆಗೆದದ್ದು. ತೊಡೆಯ ಮೂಳೆ ಎರಡು ತುಂಡಾಗಿ, ತಲೆಗೆ ಪೆಟ್ಟಾಗಿ, ಮುಂಗೈ ಸೀಳಿ, ಮಳೆ ನಿಂತ ರಸ್ತೆಯ ಮೇಲೆ ಬಿದ್ದಿದ್ದವನು ಇವನೇ. ಬಂಧುಗಳಿಗೂ ಸ್ನೇಹಿತರಿಗೂ ಸುದ್ದಿ ಆಗಲೇ ತಲುಪಿದೆ. ಇದನ್ನು ಬರೆಯುತ್ತಿರುವುದು ಆ ಸಂಜೆ ಆ ರಸ್ತೆಯಲ್ಲಿದ್ದು, ಕೈಲಾದದ್ದನ್ನೆಲ್ಲ ಮಾಡಿ, ಹೆಸರನ್ನೂ ಹೇಳದೆ ಹೊರಟುಹೋದ ನಿಮಗೆ. ಆ ಹುಡುಗ ಉಳಿದನೋ ಇಲ್ಲವೋ ಎಂಬ ಪ್ರಶ್ನೆಯನ್ನು ನೀವು ಮನೆಗೆ ಹೊತ್ತುಕೊಂಡೇ ಹೋಗಿರುತ್ತೀರಿ. ಉಳಿದಿದ್ದಾನೆ. ನಡೆಯುತ್ತಿದ್ದಾನೆ.

ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರು ಬೇಡ, ಅವರ ವಿಷಯ ಒಂದನ್ನೂ ಬಿಡಬೇಡ" ಎಂದಿದ್ದಾನೆ.

ಬಿಡಬಾರದು ಎನ್ನಲು ಅವನಿಗೆ ಕಾರಣವಿದೆ. ಆ ಸಂಜೆಯ ಯಾವುದೂ ಅವನ ನೆನಪಿನಲ್ಲಿಲ್ಲ. ಹೆಲ್ಮೆಟ್‌ನ ಪಟ್ಟಿ ಬಿಗಿದುಕೊಂಡದ್ದು ನೆನಪಿದೆ. ಅದರ ಮುಂದೆ ನೆನಪಿರುವುದು ಆಸ್ಪತ್ರೆಯ ಸೂರಿನ ದೀಪ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮೆದುಳು ಆ ಹೊತ್ತಿನ ಘಟನೆಗಳನ್ನು ದಾಖಲಿಸಿಕೊಳ್ಳುವುದೇ ಇಲ್ಲ, ಆದ್ದರಿಂದ ಅವು ಮುಂದೆಂದೂ ಮರಳಿ ಬರಲಿಕ್ಕಿಲ್ಲ ಎಂದು ವೈದ್ಯರು ನಮಗೆ ತಿಳಿಸಿ ಹೇಳಿದರು. ಅವನು ಆಗ ಮಾತನಾಡುತ್ತಿದ್ದನಂತೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದನಂತೆ. ಅವನ ಬದುಕಿನ ಅತ್ಯಂತ ಕಷ್ಟದ ಗಳಿಗೆ ಅವನಲ್ಲಿಲ್ಲ, ನಿಮ್ಮಲ್ಲಿದೆ. ಆಂಬುಲೆನ್ಸ್‌ನಲ್ಲಿ ಬಂದವರನ್ನು, ನನಗೆ ಕರೆ ಮಾಡಿದವರನ್ನು, ಮರುದಿನ ಆಸ್ಪತ್ರೆಗೆ ಹುಡುಕಿಕೊಂಡು ಬಂದ ಒಬ್ಬ ಹುಡುಗಿಯನ್ನು ಕೇಳಿ ಕೇಳಿ ನಾನು ಅದನ್ನು ಒಟ್ಟುಗೂಡಿಸಿದ್ದೇನೆ. ಅವನು ಅದನ್ನು ಇಲ್ಲಿಯೇ ಮೊದಲ ಬಾರಿಗೆ ಪೂರ್ತಿಯಾಗಿ ಓದುತ್ತಾನೆ.

ಡಿಕ್ಕಿ ಹೊಡೆದ ವಾಹನದ ಬಗ್ಗೆ ಇಲ್ಲಿ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಅದರ ವಿಚಾರಣೆ ನಡೆಯಬೇಕಾದ ಕಡೆ ನಡೆಯುತ್ತದೆ. ಈ ಜಾಗ ನಿಮ್ಮದು.

ಮೊದಲು ನಿಲ್ಲಿಸಿದ್ದು ಲಾರಿಯ ಚಾಲಕರು. ಅವರು ಓಡಿ ಬಂದು ಅವನನ್ನು ಎತ್ತಲು ಹೋಗಲಿಲ್ಲ. ಲಾರಿಯನ್ನು ಅವನ ಹಿಂದೆ ಸ್ವಲ್ಪ ದೂರದಲ್ಲಿ ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ಎಚ್ಚರಿಕೆಯ ದೀಪ ಹಾಕಿ, ಆಮೇಲೆ ಇಳಿದರು. ಕತ್ತಲಾಗುತ್ತಿತ್ತು, ರಸ್ತೆ ತಿರುವಿನಲ್ಲಿತ್ತು, ನೆಲ ಒದ್ದೆಯಾಗಿತ್ತು. ಬಿದ್ದವನ ಮೇಲೂ ಅವನ ಸುತ್ತ ಕುಳಿತವರ ಮೇಲೂ ಇನ್ನೊಂದು ವಾಹನ ಬಂದುಬಿಡುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಉಳಿದವರೆಲ್ಲ ನಿರಾಳವಾಗಿ ಮಂಡಿಯೂರಿ ಕೂರಲು ಸಾಧ್ಯವಾದದ್ದು ಆ ಲಾರಿ ಅಲ್ಲಿ ಗೋಡೆಯಂತೆ ನಿಂತಿದ್ದರಿಂದ. ಆಂಬುಲೆನ್ಸ್ ಹೊರಟ ಮೇಲೆ ಅವರು ಲಾರಿ ಹತ್ತಿ ಹೋಗಿಬಿಟ್ಟರು. ಅಣ್ಣಾ, ತಡವಾಗಿದ್ದಕ್ಕೆ ಎಲ್ಲಿ ಯಾರಿಂದ ಬೈಸಿಕೊಂಡಿರೋ, ಸರಕು ಇಳಿಸುವುದು ಎಷ್ಟು ಹೊತ್ತಾಯಿತೋ. ನಮಗಾಗಿ ಕಳೆದ ಆ ಸಮಯವನ್ನು ನಾವು ಯಾವ ರೀತಿಯಲ್ಲೂ ತೀರಿಸಲಾರೆವು.

ಆ ಹುಡುಗಿಯ ವಿಷಯ ಹೇಳಬೇಕು. ಕಾಲೇಜಿನ ಚೀಲ ಹೆಗಲಿಗಿತ್ತಂತೆ. ಮುಂಗೈಯಿಂದ ರಕ್ತ ಚಿಮ್ಮುತ್ತಿದ್ದುದನ್ನು ಕಂಡು ಹೆಗಲ ಮೇಲಿದ್ದ ಶಾಲನ್ನು ಮಡಿಸಿ ಗಾಯದ ಮೇಲಿಟ್ಟು ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು. ಒತ್ತಿದ ಕೈಯನ್ನು ತೆಗೆಯಲಿಲ್ಲ. ರಕ್ತ ನಿಂತಿತೇ ಎಂದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬಟ್ಟೆಯನ್ನು ಎತ್ತಿದರೆ ಆಗಷ್ಟೇ ಹೆಪ್ಪುಗಟ್ಟುತ್ತಿದ್ದುದು ಕಿತ್ತು ಬರುತ್ತದೆ. ಶಾಲು ನೆಂದಾಗ ಅದನ್ನು ತೆಗೆಯದೆ, ಅದರ ಮೇಲೆಯೇ ಇನ್ನೊಬ್ಬರು ಕೊಟ್ಟ ಬಟ್ಟೆಯನ್ನಿಟ್ಟು ಒತ್ತಿದಳು. ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ಒಂದು ಪಾಠವಿತ್ತು, ಅಷ್ಟೇ ಗೊತ್ತಿದ್ದದ್ದು ಎಂದು ಮರುದಿನ ಹೇಳಿದಳು. ಅವಳ ತೋಳುಗಳು ನಡುಗತೊಡಗಿದಾಗ ಪಕ್ಕದವರು "ನಾನು ಹಿಡಿಯುತ್ತೇನೆ ಬಿಡಮ್ಮ" ಎಂದರಂತೆ. "ಬಿಟ್ಟರೆ ಮತ್ತೆ ಶುರುವಾಗುತ್ತದೆ" ಎಂದು ಅವಳು ಬಿಡಲೇ ಇಲ್ಲ. ಗೆಳೆಯನ ಅಮ್ಮ ಆ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ಏನೂ ಮಾತನಾಡದೆ ಕುಳಿತಿದ್ದರು. ಕೊನೆಗೆ ಹೇಳಿದ್ದು ಒಂದೇ ಮಾತು: "ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ."

ತಲೆಯ ಬಳಿ ಕುಳಿತವರು ವಯಸ್ಸಾದವರು, ಕನ್ನಡಕ ಹಾಕಿದ್ದರು, ಕಡಿಮೆ ಮಾತಿನವರು. ಅವರ ಬಗ್ಗೆ ಎಲ್ಲರೂ ಹೇಳಿದ್ದು ಇಷ್ಟೇ. ಯಾರೋ ಹೆಲ್ಮೆಟ್ ಎಳೆಯಲು ಹೋದಾಗ ತಡೆದವರು ಅವರು. ಉಸಿರಾಟ ಸರಾಗವಾಗಿದೆ, ಹಾಗಾಗಿ ಅದು ಹಾಗೆಯೇ ಇರಲಿ, ಕತ್ತಿಗೆ ಪೆಟ್ಟಾಗಿದ್ದರೆ ಎಳೆದಾಟದಲ್ಲಿ ಅನಾಹುತವಾಗುತ್ತದೆ ಎಂದರು. ಮೊಣಕೈಗಳನ್ನು ನೆಲಕ್ಕೆ ಊರಿ, ಅವನ ತಲೆಯನ್ನು ಎರಡೂ ಕಡೆಯಿಂದ ಅಲುಗದಂತೆ ಹಿಡಿದರು. ಇನ್ನೊಬ್ಬರು ಪ್ರೀತಿಯಿಂದಲೇ ನೀರಿನ ಬಾಟಲಿ ಚಾಚಿದಾಗ ಅದನ್ನೂ ಬೇಡವೆಂದರು. ಪೂರ್ತಿ ಎಚ್ಚರವಿಲ್ಲದವನಿಗೆ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಅರಿವಳಿಕೆ ಕೊಡಬೇಕಾದಾಗ ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದು. ಗೆಳೆಯ ನೀರು ನೀರು ಎನ್ನುತ್ತಿದ್ದಾಗ ಇಲ್ಲ ಎನ್ನಲು ಎಷ್ಟು ಗಟ್ಟಿ ಮನಸ್ಸು ಬೇಕು ಎಂದು ಈಗಲೂ ಯೋಚಿಸುತ್ತೇನೆ. "ಬರುತ್ತಿದ್ದಾರಪ್ಪಾ, ನಾನು ಇಲ್ಲೇ ಇದ್ದೇನೆ" ಎಂಬುದನ್ನೇ ಅವನು ಕೇಳಿದಾಗಲೆಲ್ಲ, ಪ್ರತಿ ಸಲವೂ ಅದೇ ಮೊದಲ ಸಲವೆಂಬಂತೆ, ಹೇಳುತ್ತಿದ್ದರಂತೆ. ತಮ್ಮ ಕೋಟನ್ನು ಬಿಚ್ಚಿ ಅವನ ಎದೆಯ ಮೇಲೆ ಹೊದಿಸಿದವರೂ ಅವರೇ. ರಕ್ತ ಹೋಗುತ್ತಿರುವವನ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ಕುಂಠಿತವಾಗುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ನನಗೆ ಬಂದ ಆ ಕರೆ. ಗೆಳೆಯನ ನಂಬರು, ಅಪರಿಚಿತ ಧ್ವನಿ. ಫೋನ್ ಬೀಗ ಹಾಕಿದ್ದರೂ ತುರ್ತು ಸಂಪರ್ಕವೆಂದು ಅವನು ಹಿಂದೆಯೇ ನನ್ನ ಹೆಸರು ಸೇರಿಸಿಟ್ಟಿದ್ದ, ಅದರಿಂದ ಸಿಕ್ಕಿತು. ಅವರು ಆಡಿದ ಮೊದಲ ವಾಕ್ಯ: "ನಿಮ್ಮ ಗೆಳೆಯರು ಉಸಿರಾಡುತ್ತಿದ್ದಾರೆ, ಮಾತನಾಡುತ್ತಿದ್ದಾರೆ, ಸುತ್ತ ಜನ ಇದ್ದೇವೆ." ಅಪಘಾತ ಎಂಬ ಪದ ಬಂದದ್ದು ಅದಾದ ಮೇಲೆ. ಆ ಕ್ರಮದಲ್ಲಿ ಹೇಳಬೇಕೆಂದು ನಿಮಗೆ ಯಾರು ಕಲಿಸಿದರು, ಸ್ವಾಮಿ? ನಾನು ಕುಸಿದು ಕೂರದೆ ಗಾಡಿ ಹತ್ತಲು ಸಾಧ್ಯವಾದದ್ದು ಆ ಒಂದು ವಾಕ್ಯದಿಂದ. ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ ಎಂದು ತಿಳಿದ ಕೂಡಲೇ ಮತ್ತೆ ಕರೆ ಮಾಡಿದಿರಿ. ಫೋನನ್ನೂ ಪರ್ಸನ್ನೂ ಆಂಬುಲೆನ್ಸ್‌ನವರ ಕೈಗೆ ಒಪ್ಪಿಸಿ, ಒಪ್ಪಿಸಿದ್ದೇನೆ ಎಂದೂ ತಿಳಿಸಿದಿರಿ.

ಮುಂದಿನದು ವೈದ್ಯರ, ದಾದಿಯರ ಕೆಲಸ. ಅವರಿಗೆ ನಾವು ಮುಖಾಮುಖಿ ಕೈಮುಗಿದಿದ್ದೇವೆ. ಅಲ್ಲಿಯೂ ನಾವು ನೋಡದ ಮುಖಗಳಿದ್ದವು. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ತೊಡೆಮೂಳೆ ಮುರಿದಾಗ ಒಂದು ಹನಿಯೂ ಹೊರಗೆ ಕಾಣದೆ, ತೊಡೆಯ ಒಳಗೇ 1 ಲೀಟರಿಗೂ ಹೆಚ್ಚು ಸೋರಿಹೋಗಬಹುದು. ಅವನಿಗೆ ರಾತ್ರಿಯೇ ರಕ್ತ ಕೊಡಬೇಕಾಯಿತು, ಕೇಳಿದ ತಕ್ಷಣ ಅದು ಸಿಕ್ಕಿತು. ಏಕೆ ಸಿಕ್ಕಿತು? ಅದಕ್ಕೂ ಎಷ್ಟೋ ದಿನ ಮೊದಲು ಯಾರೋ ತೋಳು ಚಾಚಿ ಮಲಗಿ ಕೊಟ್ಟುಹೋಗಿದ್ದರಿಂದ. ಕೆಂಪು ರಕ್ತಕಣಗಳನ್ನು ಶೀತಲ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 42 ದಿನ ಇಡಬಹುದಂತೆ. ಯಾರಿಗೆಂದು ತಿಳಿಯದೆ ಕೊಟ್ಟ ಆ ರಕ್ತ ಇವನ ಮೈಯಲ್ಲಿ ಸೇರಿಹೋಗಿದೆ. ಆ ಚೀಲದ ಮೇಲೆ ಗುಂಪು ಮತ್ತು ಸಂಖ್ಯೆ ಮಾತ್ರ ಇತ್ತು. ನೀವು ಯಾರೇ ಆಗಿರಿ, ಇವನು ಉಳಿದ ಪುಣ್ಯದಲ್ಲಿ ನಿಮ್ಮ ಪಾಲು ದೊಡ್ಡದು.

ಶಸ್ತ್ರಚಿಕಿತ್ಸೆ ನಡೆಯುತ್ತಿದ್ದ ರಾತ್ರಿ ಹೊರಗಿನ ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ಹೆಂಗಸು ಕುಳಿತಿದ್ದರು. ಅವರ ಗಂಡ ಒಳಗಿದ್ದರು. ತಮ್ಮ ಕಂಬಳಿಯನ್ನು ಗೆಳೆಯನ ಅಮ್ಮನಿಗೆ ಹೊದಿಸಿ, "ನೀವು ಸ್ವಲ್ಪ ಕಣ್ಣು ಮುಚ್ಚಿ, ಕರೆದರೆ ನಾನು ಎಬ್ಬಿಸುತ್ತೇನೆ" ಎಂದರು. ತಮ್ಮ ಚಿಂತೆಯೇ ಬೆಟ್ಟದಷ್ಟಿದ್ದ ಹೊತ್ತಿನಲ್ಲಿ ನಮ್ಮದನ್ನೂ ಹೊತ್ತ ಅಕ್ಕ, ಬೆಳಗಾಗುವಷ್ಟರಲ್ಲಿ ನಿಮ್ಮನ್ನು ಬೇರೆ ವಾರ್ಡಿಗೆ ಕಳಿಸಿಬಿಟ್ಟಿದ್ದರು. ನಿಮ್ಮವರು ಗುಣವಾಗಿ ಮನೆ ಸೇರಿರಲಿ.

ಈಗ ಅವನ ಸುದ್ದಿ. ಮುರಿದ ಮೂಳೆಯ ಟೊಳ್ಳಿನೊಳಗೆ ಉದ್ದನೆಯ ಲೋಹದ ಸರಳು ಸೇರಿಸಿ ಎರಡು ತುದಿಗಳಲ್ಲಿ ತಿರುಪು ಹಾಕಿದ್ದಾರೆ. ಹಾಸಿಗೆಯಲ್ಲಿ ಎದ್ದು ಕೂತ ಮೊದಲ ದಿನ ತಲೆ ಸುತ್ತಿ ಮತ್ತೆ ಮಲಗಿದ. ಆಮೇಲೆ ವಾಕರ್, ಆಮೇಲೆ ಎರಡು ಊರುಗೋಲು, ಈಗ ಒಂದು. ನಮಗೆಲ್ಲ ಮೂಳೆಯದೇ ಚಿಂತೆಯಿತ್ತು. ಅವನನ್ನು ಹೆಚ್ಚು ಕಾಡಿಸಿದ್ದು ಮಂಡಿ. ಕೆಲಸವಿಲ್ಲದೆ ತೊಡೆಯ ಸ್ನಾಯು ಕರಗಿ, ಮಂಡಿ ಬಿಗಿದುಕೊಂಡಿತ್ತು. ದಿನವೂ ಇಷ್ಟಿಷ್ಟೇ ಮಡಿಸಿ, ಕಣ್ಣಲ್ಲಿ ನೀರು ಬರುವಾಗ ನಿಲ್ಲಿಸಿ, ಮತ್ತೆ ಮಡಿಸಿದ. ಮೆಟ್ಟಿಲಿನ ಸೂತ್ರವನ್ನು ವ್ಯಾಯಾಮ ಕಲಿಸಿದವರು ಬಾಯಿಪಾಠ ಮಾಡಿಸಿದ್ದಾರೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ತುಟಿ ಅದನ್ನೇ ಹೇಳಿಕೊಳ್ಳುತ್ತಿರುವುದು ಕಾಣುತ್ತದೆ. ಮುಂಗೈಯ ಗಾಯ ಒಣಗಿ ಗೆರೆಯಾಗಿದೆ, ಬೆರಳುಗಳೆಲ್ಲ ಆಡುತ್ತವೆ. ತಲೆನೋವು ಅಪರೂಪವಾಗಿದೆ. ಗದ್ದಲವಿದ್ದಲ್ಲಿ ಇನ್ನೂ ಬೇಗ ದಣಿಯುತ್ತಾನೆ. ಅದಕ್ಕೂ ಸಮಯ ಬೇಕು ಎಂದಿದ್ದಾರೆ, ಕೊಡುತ್ತಿದ್ದೇವೆ.

ಓದುತ್ತಿರುವ ಉಳಿದವರಲ್ಲಿ ಒಂದು ಬೇಡಿಕೆ. ಇದನ್ನು ಮುಚ್ಚುವ ಮೊದಲು ನಿಮ್ಮ ಮೊಬೈಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ತುರ್ತು ಮಾಹಿತಿಯಲ್ಲಿ ಹತ್ತಿರದವರೊಬ್ಬರ ಹೆಸರು, ನಿಮ್ಮ ರಕ್ತದ ಗುಂಪು, ಔಷಧದ ಅಲರ್ಜಿ ಇದ್ದರೆ ಅದನ್ನು ಸೇರಿಸಿ, ಬೀಗ ಹಾಕಿದ ಪರದೆಯಲ್ಲಿ ಕಾಣುವಂತೆ ಮಾಡಿ. ನಿಮ್ಮ ಪಕ್ಕ ಮಂಡಿಯೂರುವ ಅಪರಿಚಿತರಿಗೆ ನೀವು ಮೊದಲೇ ಮಾಡಿಡಬಹುದಾದ ಸಹಾಯ ಅದು. ರಕ್ತ ಕೊಡುವ ಆರೋಗ್ಯವಿದ್ದವರು ಕೊಡಿ. ಇವನಿಗೆ ಸದ್ಯಕ್ಕೆ ಅವಕಾಶವಿಲ್ಲ, ಇವನ ಪಾಲಿನದನ್ನು ನಾನು ಕೊಡುತ್ತಿದ್ದೇನೆ.

ಆ ಹುಡುಗಿ ಸಿಕ್ಕಳು, ಕರೆ ಮಾಡಿದವರು ಸಿಕ್ಕರು. ಲಾರಿಯ ಅಣ್ಣ ಮತ್ತು ಕನ್ನಡಕದ ಹಿರಿಯರು ಇನ್ನೂ ಸಿಕ್ಕಿಲ್ಲ. ಯಜಮಾನರೇ, ನಿಮ್ಮ ಬೂದುಬಣ್ಣದ ಕೋಟು ನಮ್ಮ ಬಳಿಯಿದೆ. ಒಗೆಸಿ, ಕಿತ್ತುಹೋಗಿದ್ದ ಗುಂಡಿಯನ್ನು ಅವನ ಅಮ್ಮನೇ ಹೊಲಿದಿಟ್ಟಿದ್ದಾರೆ. ಒಳಜೇಬಿನಲ್ಲಿ ಏನಿತ್ತು ಎಂದು ಒಂದು ಸಂದೇಶ ಕಳಿಸಿ, ನೀವೆಂದು ನಮಗೆ ತಿಳಿಯುತ್ತದೆ. ತಂದು ಕೊಡುವವನು ಅವನೇ. ನಿಮ್ಮ ಮನೆ ಎಷ್ಟನೇ ಮಹಡಿಯಲ್ಲಿದ್ದರೂ ಹತ್ತಿ ಬರುತ್ತೇನೆ ಎಂದಿದ್ದಾನೆ.